ಮಂಚದಿಂದ ಬಚ್ಚಲಿನವರೆಗೆ

ನಮ್ಮ ವಾರ್ಡಿನ ಒಂಬತ್ತನೆಯ ಮಂಚದಿಂದ ಶೌಚಗೃಹದ ಬಾಗಿಲಿಗೆ ಇಪ್ಪತ್ತೆರಡು ಹೆಜ್ಜೆ. ಈ ಲೆಕ್ಕವನ್ನು ನಾನು ಹಾಕಿದ್ದು, 76 ವರ್ಷದ ನಿವೃತ್ತ ಉಪಾಧ್ಯಾಯರೊಬ್ಬರು ಆ ದಾರಿಯ ಎರಡನೆಯ ಹೆಜ್ಜೆಯನ್ನೂ ಪೂರೈಸಲಾರದೆ ಮಂಚದ ಬುಡದಲ್ಲಿಯೇ ಬಿದ್ದ ಮರುದಿನ ಬೆಳಿಗ್ಗೆ. ಅದಕ್ಕೆ ಮುಂಚೆ ಅನೇಕ ವರ್ಷಗಳ ಕಾಲ ದಿನಕ್ಕೆರಡು ಸಲ ಆ ವಾರ್ಡನ್ನು ಸುತ್ತುತ್ತಿದ್ದ ನನಗೆ ಪ್ರತಿಯೊಬ್ಬ ರೋಗಿಯ ನಾಡಿ, ಉಸಿರು, ರಕ್ತದ ಒತ್ತಡಗಳೆಲ್ಲವೂ ಗೊತ್ತಿದ್ದುವೇ ಹೊರತು, ರಾತ್ರಿಯ ಹೊತ್ತು ಆತನು ಎದ್ದು ಎಲ್ಲಿಗೆ ಹೋಗಬೇಕು, ಹೇಗೆ ಹೋಗುತ್ತಾನೆ, ದಾರಿಯಲ್ಲಿ ಏನೇನಿದೆ ಎಂಬುದು ಗೊತ್ತಿರಲಿಲ್ಲ.

ಉಪಾಧ್ಯಾಯರು ಮಲೆನಾಡಿನ ಕಡೆಯವರು. ಹೃದಯದೌರ್ಬಲ್ಯದಿಂದ ಕಾಲು ಬಾತು, ಜೊತೆಗೆ ಶ್ವಾಸಕೋಶದ ಸೋಂಕೂ ಸೇರಿ ಉಸಿರಾಡುವುದೇ ಕಷ್ಟವಾದಾಗ ಮಗ ಸೊಸೆಯರು ಅವರನ್ನು ಕರೆತಂದು ಸೇರಿಸಿದರು. ಮೈಯಲ್ಲಿ ನಿಂತ ನೀರನ್ನು ಇಳಿಸುವುದಕ್ಕಾಗಿ ಫ್ಯೂರೊಸೆಮೈಡ್ ಮಾತ್ರೆ ಬೆಳಿಗ್ಗೆ ಎಂಟಕ್ಕೊಂದು, ಸಂಜೆ ಆರಕ್ಕೊಂದು. ಸೋಂಕಿಗೆ ದಿನಕ್ಕೆ ಮೂರು ಸಲ ಡ್ರಿಪ್ಪಿನ ಮೂಲಕ ಔಷಧ. ಪ್ರಾಸ್ಟೇಟ್ ಗ್ರಂಥಿಗಾಗಿ ಅವರು ಮೊದಲಿನಿಂದಲೂ ರಾತ್ರಿ ಮಲಗುವಾಗ ತೆಗೆದುಕೊಳ್ಳುತ್ತಿದ್ದ ಟ್ಯಾಮ್ಸುಲೊಸಿನ್. ಹೃದಯದ ಬಡಿತ ಕ್ರಮ ತಪ್ಪಿದ್ದುದರಿಂದ ರಕ್ತವನ್ನು ತೆಳುವಾಗಿಸುವ ಇನ್ನೊಂದು ಮಾತ್ರೆ. ಎರಡನೆಯ ದಿನ, ವಾರ್ಡಿನ ಗಲಾಟೆಯಲ್ಲಿ ನಿದ್ದೆ ಬರುತ್ತಿಲ್ಲವೆಂದು ಅವರು ಹೇಳಿಕೊಂಡಾಗ ಆಲ್ಪ್ರಜೊಲಾಮ್ ಮಾತ್ರೆಯನ್ನು ಬರೆದುಕೊಟ್ಟವನು ನಾನೇ. ಒಂದೊಂದನ್ನೂ ಬೇರೆಬೇರೆಯಾಗಿ ನೋಡಿದರೆ ಇವುಗಳಲ್ಲಿ ಯಾವುದೂ ಅಕಾರಣವಾದುದಲ್ಲ. ಆದರೆ ಅವೆಲ್ಲವೂ ಒಬ್ಬನೇ ಮನುಷ್ಯನ ಒಂದೇ ರಾತ್ರಿಯಲ್ಲಿ ಸೇರಿದುವು.

ಮೂರನೆಯ ರಾತ್ರಿ ಎರಡೂ ಮುಕ್ಕಾಲರ ಸುಮಾರಿಗೆ ಅವರಿಗೆ ಎಚ್ಚರವಾಯಿತು. ಮೂತ್ರದ ಒತ್ತಡ ತಡೆಯುವಂತಿರಲಿಲ್ಲ. ಹತ್ತು ಗಂಟೆಗೆ ಮುಗಿದಿದ್ದ ಔಷಧದ ಖಾಲಿ ಬಾಟಲಿ, ಬೆಳಿಗ್ಗೆ ಮತ್ತೆ ಹಾಕಬೇಕಲ್ಲ ಎಂಬ ಕಾರಣದಿಂದ, ನಳಿಗೆಯ ಸಮೇತ ಕೈಗೆ ತಗುಲಿಕೊಂಡೇ ಇತ್ತು. ಅದರ ಸ್ಟ್ಯಾಂಡು ಮಂಚದ ಆಚೆಯ ಬದಿಗಿತ್ತು. ಕನ್ನಡಕ ಲಾಕರಿನ ಒಳಗೆ. ಮನೆಯಲ್ಲಿ ಸದಾ ಕೈಯಲ್ಲಿರುತ್ತಿದ್ದ ಊರುಗೋಲು, ಆಸ್ಪತ್ರೆಯಲ್ಲಿ ಮಲಗಿಯೇ ಇರುವವರಿಗೆ ಅದೇಕೆಂದು, ಮನೆಯಲ್ಲಿಯೇ ಉಳಿದಿತ್ತು. ಮಂಚ ಎತ್ತರದ್ದಾದುದರಿಂದ ಹತ್ತಿ ಇಳಿಯುವುದಕ್ಕೆ ಒಂದು ಕಬ್ಬಿಣದ ಮೆಟ್ಟಿಲನ್ನು ಪಕ್ಕದಲ್ಲಿ ಇಟ್ಟಿದ್ದರು. ಅದರ ನಾಲ್ಕು ಕಾಲುಗಳಲ್ಲಿ ಒಂದರ ರಬ್ಬರು ಸವೆದುಹೋಗಿದ್ದಿತು. ಮಗ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಗಾಢನಿದ್ರೆಯಲ್ಲಿದ್ದ. ಅವರು ಎದ್ದು ಕುಳಿತು, ಮೆಟ್ಟಿಲಿನ ಮೇಲೆ ಕಾಲಿಟ್ಟು, ನಿಂತೊಡನೆಯೇ ಕಣ್ಣು ಕತ್ತಲೆ ಬಂದಿತು. ಮೆಟ್ಟಿಲು ಜರುಗಿತು, ನಳಿಗೆ ಕೈಯನ್ನು ಹಿಂದಕ್ಕೆ ಎಳೆಯಿತು. ಹಣೆ ಲಾಕರಿನ ಅಂಚಿಗೆ ತಗುಲಿ, ಊರಿದ ಬಲಗೈಯ ಮಣಿಕಟ್ಟು ಮುರಿಯಿತು.

ಸದ್ದಿಗೆ ಓಡಿಬಂದ ರಾತ್ರಿಪಾಳಿಯ ಸಿಸ್ಟರು ಮಾಡಿದ ಒಂದು ಒಳ್ಳೆಯ ಕೆಲಸವನ್ನು ಇಲ್ಲಿಯೇ ಹೇಳಬೇಕು. ಗಾಬರಿಯಿಂದ ತಂದೆಯನ್ನು ಎತ್ತಿ ಮಂಚಕ್ಕೆ ಹಾಕಹೊರಟಿದ್ದ ಮಗನನ್ನು ಆಕೆ ತಡೆದರು. ಬಿದ್ದವರನ್ನು ಕೂಡಲೇ ಎತ್ತುವುದು ನಮ್ಮಲ್ಲಿ ಸಹಜವಾದ ವಾತ್ಸಲ್ಯ. ಆದರೆ ಸೊಂಟದ ಮೂಳೆ ಮುರಿದಿದ್ದರೆ ಅದೇ ವಾತ್ಸಲ್ಯವು ಮುರಿದ ತುದಿಗಳನ್ನು ಇನ್ನಷ್ಟು ಸರಿಸೀತು. ಮೊದಲು ನೆಲದ ಮೇಲೆಯೇ ಇರಿಸಿ, ಎಚ್ಚರವಿದೆಯೇ, ಕತ್ತು ನೋಯುತ್ತದೆಯೇ, ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ ಪಾದವು ಹೊರಮುಖವಾಗಿ ತಿರುಗಿದೆಯೇ ಎಂದು ನೋಡಬೇಕು. ಸೊಂಟ ಮುರಿದುದರ ಲಕ್ಷಣ ಅದು. ಉಪಾಧ್ಯಾಯರಿಗೆ ಹಾಗೇನೂ ಆಗಿರಲಿಲ್ಲ. ರಕ್ತ ತೆಳುವಾಗಿಸುವ ಮಾತ್ರೆಯ ಮೇಲೆ ಇದ್ದವರ ತಲೆಗೆ ಪೆಟ್ಟು ಬಿದ್ದರೆ ಹೊರಗಿನ ಗಾಯದ ಗಾತ್ರವನ್ನು ನೋಡಿ ಧೈರ್ಯ ತಂದುಕೊಳ್ಳುವಂತಿಲ್ಲವಾದುದರಿಂದ, ಆ ರಾತ್ರಿಯೇ ತಲೆಯ ಸ್ಕ್ಯಾನ್ ಮಾಡಿಸಿದೆವು. ಒಳಗೆ ರಕ್ತಸ್ರಾವವಿರಲಿಲ್ಲ. ಆದರೂ ಮೊದಲ ಎರಡು ಗಂಟೆಗಳ ಕಾಲ ಅರ್ಧ ಗಂಟೆಗೊಮ್ಮೆ, ಅನಂತರ ನಾಲ್ಕು ಗಂಟೆಗಳ ಕಾಲ ಗಂಟೆಗೊಮ್ಮೆ, ಎಬ್ಬಿಸಿ ಮಾತನಾಡಿಸಿ ಕಣ್ಣುಪಾಪೆಗಳನ್ನು ನೋಡುತ್ತಿದ್ದೆವು.

ಬೆಳಿಗ್ಗೆ ನಾನು ಅವರ ಕೇಸ್ ಶೀಟನ್ನು ತೆಗೆದು ನೋಡಿದಾಗ, ಪತನದ ಅಪಾಯವನ್ನು ಅಳೆಯುವ ಹಾಳೆ ಅದರಲ್ಲಿ ಇದ್ದೇ ಇತ್ತು. ಇಂದು ದೊಡ್ಡ ಆಸ್ಪತ್ರೆಗಳಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವುದು ಜಾನಿಸ್ ಮೋರ್ಸ್ ಎಂಬ ಶುಶ್ರೂಷಾವಿದುಷಿಯು ಸಹೋದ್ಯೋಗಿಗಳೊಡನೆ 1989ರಲ್ಲಿ ಪ್ರಕಟಿಸಿದ ಮಾಪಕ. ಅದರಲ್ಲಿ ಆರೇ ಪ್ರಶ್ನೆಗಳು. ಕಳೆದ ಮೂರು ತಿಂಗಳಲ್ಲಿ ಬಿದ್ದದ್ದುಂಟೇ? ಉಂಟಾದರೆ 25 ಅಂಕ. ಒಂದಕ್ಕಿಂತ ಹೆಚ್ಚು ಕಾಯಿಲೆಗಳಿದ್ದರೆ 15. ಊರುಗೋಲು ಅಥವಾ ವಾಕರ್ ಹಿಡಿದು ನಡೆಯುವವರಾದರೆ 15, ಗೋಡೆ ಮೇಜುಗಳನ್ನು ಹಿಡಿದುಕೊಂಡು ನಡೆಯುವವರಾದರೆ 30. ಡ್ರಿಪ್ ಅಥವಾ ಅದಕ್ಕಾಗಿ ಚುಚ್ಚಿಟ್ಟ ಸೂಜಿನಳಿಗೆ ಇದ್ದರೆ 20. ನಡಿಗೆ ದುರ್ಬಲವಾಗಿದ್ದರೆ 10, ತೀರ ಕೆಟ್ಟಿದ್ದರೆ 20. ತನ್ನ ಶಕ್ತಿಯ ಮಿತಿಯನ್ನು ಮರೆತು, ಆಗದುದನ್ನು ಆಗುತ್ತದೆಂದು ಭಾವಿಸುವವರಾದರೆ 15. ಒಟ್ಟು 45 ದಾಟಿದರೆ ಅಪಾಯ ಹೆಚ್ಚೆಂದು ಅನೇಕ ಆಸ್ಪತ್ರೆಗಳು ಗಣಿಸಿ, ಕೈಗೆ ಹಳದಿ ಪಟ್ಟಿ ಕಟ್ಟುತ್ತವೆ.

ಉಪಾಧ್ಯಾಯರಿಗೆ ದೊರೆತಿದ್ದ ಅಂಕ 35. ಕಾಯಿಲೆಗಳಿಗೆ 15, ಡ್ರಿಪ್ಪಿಗೆ 20, ಉಳಿದ ನಾಲ್ಕು ಕಡೆಯೂ ಸೊನ್ನೆ. ಹಾಳೆ ತುಂಬಿದ ಹುಡುಗಿ ಅಲಕ್ಷ್ಯ ಮಾಡಿದವಳಲ್ಲ. ಮಲಗಿದ್ದ ರೋಗಿಯನ್ನು ಕೇಳಿ, ಆತ ಹೇಳಿದುದನ್ನು ಬರೆದುಕೊಂಡಿದ್ದಳು. ಮಲಗಿದವರ ನಡಿಗೆಯನ್ನು ಕಾಣುವುದು ಹೇಗೆ? ಊರುಗೋಲು ಪಕ್ಕದಲ್ಲಿಲ್ಲದಿದ್ದರೆ ಊರುಗೋಲಿನವರೆಂದು ತಿಳಿಯುವುದು ಹೇಗೆ? ಅದೇ ದಿನ ನಾನು ಸೊಸೆಯನ್ನು ಪಕ್ಕಕ್ಕೆ ಕರೆದು ವಿಚಾರಿಸಿದೆ. ಆಕೆ ಸ್ವಲ್ಪ ಹಿಂದುಮುಂದು ನೋಡಿ ಹೇಳಿದರು: “ಹೋದ ತಿಂಗಳು ಬಚ್ಚಲಲ್ಲಿ ಜಾರಿದ್ರು ಡಾಕ್ಟ್ರೇ. ಯಾರಿಗೂ ಹೇಳಬೇಡ ಅಂದಿದ್ರು ಮಾವ.” ಇದರಿಂದ 25. ಊರುಗೋಲಿಗೆ 15. ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಯಿಸಿದ್ದರೆ ಕಾಣುತ್ತಿದ್ದ ದುರ್ಬಲ ನಡಿಗೆಗೆ 10. ಒಬ್ಬರೇ ಹೋಗಬಲ್ಲೆನೆಂದು ಎದ್ದು ಹೊರಟದ್ದಕ್ಕೆ 15. ನಿಜವಾದ ಮೊತ್ತ 100 ಆಗಬೇಕಾಗಿತ್ತು.

ಹಾಗಾದರೆ 35ರ ಬದಲು 100 ಎಂದು ಬರೆದಿದ್ದರೆ ಅವರು ಬೀಳುತ್ತಿರಲಿಲ್ಲವೇ? ಬಹುಕಾಲ ನಾನೂ ಹಾಗೆಯೇ ನಂಬಿದ್ದೆ. ಇಂದು ಹೇಳಬೇಕಾದುದು ಇಷ್ಟೇ: ಬೀಳುತ್ತಿದ್ದರು, ಕೈಯಲ್ಲಿ ಹಳದಿ ಪಟ್ಟಿಯಿದ್ದು ಬೀಳುತ್ತಿದ್ದರು. ಅಂಕವು ಖಾಲಿ ಬಾಟಲಿಯನ್ನು ಕಳಚುವುದಿಲ್ಲ, ಸವೆದ ರಬ್ಬರನ್ನು ಬದಲಿಸುವುದಿಲ್ಲ, ಸಂಜೆಯ ಮಾತ್ರೆಯನ್ನು ಮಧ್ಯಾಹ್ನಕ್ಕೆ ತರುವುದಿಲ್ಲ. ಇದು ನನ್ನೊಬ್ಬನ ಅಭಿಪ್ರಾಯವಲ್ಲ. ಬ್ರಿಟನ್ನಿನ ಆರೋಗ್ಯಸೇವೆಗೆ ಮಾರ್ಗಸೂಚಿಗಳನ್ನು ರಚಿಸುವ ‘ನೈಸ್’ ಸಂಸ್ಥೆಯು 2013ರಲ್ಲಿಯೇ, ಒಳರೋಗಿಗಳಲ್ಲಿ ಯಾರು ಬೀಳುತ್ತಾರೆಂದು ಅಂಕಗಳಿಂದ ಭವಿಷ್ಯ ಹೇಳುವ ಮಾಪಕಗಳನ್ನು ಬಳಸಬೇಡಿ, 65 ದಾಟಿದ ಒಳರೋಗಿಗಳೆಲ್ಲರೂ ಬೀಳುವ ಸಂಭವವುಳ್ಳವರೆಂದೇ ತಿಳಿದು ಒಬ್ಬೊಬ್ಬರಲ್ಲಿಯೂ ಸರಿಪಡಿಸಬಹುದಾದ ಕಾರಣಗಳನ್ನು ಹುಡುಕಿ ಎಂದು ಹೇಳಿತು. ಆಸ್ಟ್ರೇಲಿಯಾದಲ್ಲಿ ಆರು ಆಸ್ಪತ್ರೆಗಳ 24 ವಾರ್ಡುಗಳಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ದೊಡ್ಡ ಪ್ರಯೋಗವೊಂದರಲ್ಲಿ ಅಪಾಯದ ಮಾಪಕದ ಜೊತೆಗೆ ಎಚ್ಚರಿಕೆಯ ಫಲಕ, ತಗ್ಗಿನ ಮಂಚ, ರೋಗಿ ಎದ್ದರೆ ಕೂಗುವ ಗಂಟೆ ಮುಂತಾದ ಆರು ಉಪಾಯಗಳ ಕಟ್ಟನ್ನು ಅರ್ಧ ವಾರ್ಡುಗಳಿಗೆ ಕೊಟ್ಟು ನೋಡಿದರು. ಬೀಳುವವರ ಸಂಖ್ಯೆ ಇಳಿಯಲಿಲ್ಲ. ಮಾಪಕ ನಿರರ್ಥಕವೆಂದು ನಾನು ಹೇಳುತ್ತಿಲ್ಲ. ಮೋರ್ಸ್ ಅವರ ಆರು ಪ್ರಶ್ನೆಗಳನ್ನು ಕೂಡಿಸಿ ಒಂದು ಮೊತ್ತವಾಗಿ ಮಾಡದೆ, ಒಂದೊಂದು ಪ್ರಶ್ನೆಯ ಎದುರಿಗೂ ‘ಇದಕ್ಕೆ ಈ ಹೊತ್ತು ಏನು ಮಾಡಿದೆ’ ಎಂದು ಬರೆಯುವುದಾದರೆ, ಆ ಹಾಳೆಯು ಬಹಳ ಒಳ್ಳೆಯ ಹಾಳೆಯೇ. ನಮ್ಮ ವಾರ್ಡಿನಲ್ಲಿ ಅಂಕದ ಪಕ್ಕದಲ್ಲಿ ಇಂತಹ ಒಂದು ಅಂಕಣವನ್ನು ಗೆರೆಯೆಳೆದು ಸೇರಿಸಿಕೊಂಡೆವು. ಅದು ಖಾಲಿಯಿದ್ದರೆ ಹಾಳೆ ತುಂಬಿದಂತಲ್ಲ.

ಉಪಾಧ್ಯಾಯರ ಮಟ್ಟಿಗೆ ಆ ಅಂಕಣವು ತುಂಬಿದ ಬಗೆಯನ್ನು ಹೇಳುತ್ತೇನೆ.

ಮೊದಲನೆಯದು ಕಣ್ಣು ಕತ್ತಲೆ ಬಂದುದರ ಕಾರಣ. ಐದು ನಿಮಿಷ ಅಂಗಾತ ಮಲಗಿಸಿ ರಕ್ತದ ಒತ್ತಡ ನೋಡಿದೆವು: 138. ಸಿಸ್ಟರೊಬ್ಬರು ಒಂದು ಬದಿ, ನಾನೊಂದು ಬದಿ ನಿಂತು ಅವರನ್ನು ನಿಲ್ಲಿಸಿ ಒಂದು ನಿಮಿಷಕ್ಕೆ ಮತ್ತೆ ನೋಡಿದೆವು: 104. ಮೂರನೆಯ ನಿಮಿಷಕ್ಕೆ 108. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20ರಷ್ಟು ಇಳಿದರೇ ಅದನ್ನು ರೋಗವೆಂದು ಪರಿಗಣಿಸುತ್ತೇವೆ. ಇಲ್ಲಿ 34 ಇಳಿದಿತ್ತು. ಮೂರು ದಿನಗಳಿಂದ ದಿನಕ್ಕೆ ನಾಲ್ಕು ಸಲ ಅವರ ಒತ್ತಡವನ್ನು ಅಳೆದು ಬರೆದಿದ್ದೆವು, ಎಲ್ಲವೂ ಮಲಗಿದಾಗಿನವು. ಈ ಪರೀಕ್ಷೆಗೆ ಬೇಕಾಗುವುದು ವಾರ್ಡಿನಲ್ಲಿ ಇದ್ದೇ ಇರುವ ಒತ್ತಡಮಾಪಕ, ಮತ್ತು ಎಂಟು ಹತ್ತು ನಿಮಿಷದ ತಾಳ್ಮೆ. ಆದರೂ ವಾರ್ಡುಗಳಲ್ಲಿ ಇಷ್ಟು ಅಪರೂಪವಾಗಿ ನಡೆಯುವ ಪರೀಕ್ಷೆ ಇನ್ನೊಂದಿಲ್ಲ.

ಕಾರಣ ತಿಳಿದೊಡನೆ ಔಷಧಗಳ ಕಡೆಗೆ ನೋಡಿದೆವು. ಆಲ್ಪ್ರಜೊಲಾಮ್ ಹೊಸದಾಗಿ ಆರಂಭಿಸಿದ್ದುದರಿಂದ ಅದನ್ನು ಅಂದೇ ನಿಲ್ಲಿಸಿದೆವು; ವರ್ಷಗಟ್ಟಲೆ ತೆಗೆದುಕೊಂಡವರಾಗಿದ್ದರೆ ಹಾಗೆ ಒಮ್ಮೆಲೇ ನಿಲ್ಲಿಸುವಂತಿಲ್ಲ, ಮೆಲ್ಲಮೆಲ್ಲನೆ ಇಳಿಸಬೇಕು. ಪ್ರಾಸ್ಟೇಟಿನ ಮಾತ್ರೆಯು ನಿಂತಾಗ ಒತ್ತಡವನ್ನು ಇಳಿಸುವಂತಹುದಾದರೂ, ಅದನ್ನು ತೆಗೆದರೆ ಮೂತ್ರವೇ ಕಟ್ಟೀತೆಂಬ ಭಯದಿಂದ ಉಳಿಸಿಕೊಂಡೆವು. ಎಲ್ಲ ಔಷಧವನ್ನೂ ತೆಗೆದುಹಾಕುವುದು ಉಪಾಯವಲ್ಲ. ಫ್ಯೂರೊಸೆಮೈಡಿನ ಎರಡನೆಯ ಮಾತ್ರೆಯನ್ನು ಸಂಜೆ ಆರರಿಂದ ಮಧ್ಯಾಹ್ನ ಎರಡಕ್ಕೆ ತಂದೆವು. ಬಾಯಿಂದ ತೆಗೆದುಕೊಂಡ ಆ ಮಾತ್ರೆಯ ಪ್ರಭಾವ ಸುಮಾರು ಆರು ಗಂಟೆ ಇರುತ್ತದೆ. ಆರಕ್ಕೆ ಕೊಟ್ಟರೆ ನಡುರಾತ್ರಿಯವರೆಗೆ ಮೂತ್ರಕೋಶ ತುಂಬುತ್ತಿರುತ್ತದೆ. ಎರಡಕ್ಕೆ ಕೊಟ್ಟರೆ ಎಂಟಕ್ಕೆ ಮುಗಿಯುತ್ತದೆ. ಕಾಲಿನ ಬಾವುಳ್ಳವರಲ್ಲಿ ಹಗಲೆಲ್ಲ ಕಾಲಿಗೆ ಇಳಿದಿದ್ದ ನೀರು ಮಲಗಿದಾಗ ರಕ್ತಕ್ಕೆ ಮರಳಿ ರಾತ್ರಿ ಮೂತ್ರವಾಗುವುದೂ ಉಂಟಾದುದರಿಂದ, ಅವರು ಒಮ್ಮೆಯಾದರೂ ಏಳುವುದು ತಪ್ಪುವುದಿಲ್ಲವೆಂದೇ ಲೆಕ್ಕ ಹಾಕಬೇಕಾಗಿತ್ತು.

ಆದುದರಿಂದ ಎರಡನೆಯ ಕೆಲಸ, ಆ ಒಂದು ಏಳುವಿಕೆಯನ್ನು ನಾವೇ ಮುಂದಾಗಿ ನಡೆಸಿಬಿಡುವುದು. ಆಸ್ಪತ್ರೆಯ ಪತನಗಳಲ್ಲಿ ಬಹುಭಾಗ ಯಾರೂ ನೋಡದಿರುವಾಗ, ಮಂಚದ ಸುತ್ತಮುತ್ತಲೇ ಆಗುತ್ತವೆ. ಅವುಗಳಲ್ಲಿ ಎಷ್ಟೋ ಶೌಚಕ್ಕೆ ಹೊರಟಾಗಲೋ ಬರುವಾಗಲೋ ಆಗತಕ್ಕವು. ರಾತ್ರಿ ಒಂಬತ್ತೂವರೆಗೆ ಮಲಗುವ ಮುನ್ನ ಒಮ್ಮೆ, ಎರಡು ಗಂಟೆಗೆ ಒಮ್ಮೆ, ಐದಕ್ಕೆ ಒಮ್ಮೆ ಸಿಸ್ಟರು ಬಂದು ಕೇಳುವುದೆಂದು ನಿಶ್ಚಯಿಸಿದೆವು. ‘ಏನಾದರೂ ಬೇಕೆ’ ಎಂದು ಕೇಳಿದರೆ ‘ಏನೂ ಬೇಡಮ್ಮ’ ಎಂಬುದೇ ಹಿರಿಯರ ಉತ್ತರ. ‘ಈಗ ಮೂತ್ರಕ್ಕೆ ಹೋಗಿ ಬಂದುಬಿಡೋಣ, ಬನ್ನಿ ಮೇಷ್ಟ್ರೇ’ ಎಂದರೆ ಎದ್ದು ಕೂರುತ್ತಾರೆ. ಇಪ್ಪತ್ತೆರಡು ಹೆಜ್ಜೆಯ ದಾರಿ ರಾತ್ರಿಯ ಮಟ್ಟಿಗೆ ಬೇಡವೆಂದು ಮಂಚದ ಪಕ್ಕದಲ್ಲಿಯೇ ಮೂತ್ರದ ಬಾಟಲಿಯನ್ನು ಇಟ್ಟೆವು. ಮಲಗಿಕೊಂಡು ಅದನ್ನು ಬಳಸುವುದು ಅವರಿಗೆ ಒಗ್ಗಲಿಲ್ಲ. ಪ್ರಾಸ್ಟೇಟ್ ತೊಂದರೆಯುಳ್ಳವರಿಗೆ ಮಲಗಿದಲ್ಲಿ ಮೂತ್ರ ಹೊರಡುವುದೂ ಕಷ್ಟ. ಕಾಲನ್ನು ನೆಲಕ್ಕೆ ಬಿಟ್ಟು ಕುಳಿತು ಬಳಸುವಂತೆ, ಸುತ್ತ ಪರದೆ ಎಳೆದುಕೊಟ್ಟೆವು. ಪರದೆಯಿಲ್ಲದಿದ್ದರೆ ಬಾಟಲಿಯಿದ್ದೂ ಇಲ್ಲದಂತೆಯೇ. ಹತ್ತಾರು ಜನರ ನಡುವೆ ಮಾನವನ್ನು ಬಿಟ್ಟುಕೊಡುವುದಕ್ಕಿಂತ ಬಿದ್ದರೂ ಚಿಂತೆಯಿಲ್ಲವೆಂದು ಎದ್ದು ಹೋಗುವ ಹಿರಿಯರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಮಂಚದ ವಿಷಯ ಬೇಗ ಮುಗಿಯಿತು. ಅಂಚಿನಲ್ಲಿ ಕುಳಿತಾಗ ಪಾದಗಳೆರಡೂ ನೆಲಕ್ಕೆ ಸಮವಾಗಿ ಊರಿ ಮೊಣಕಾಲು ಸಮಕೋನದಲ್ಲಿ ನಿಲ್ಲುವಷ್ಟು ತಗ್ಗಾದ ಮಂಚವನ್ನು ಬದಲಾಯಿಸಿಕೊಟ್ಟು, ಕಬ್ಬಿಣದ ಮೆಟ್ಟಿಲನ್ನು ಆಚೆಗೆ ಹಾಕಿದೆವು. ರಾತ್ರಿಯ ಔಷಧ ಮುಗಿದೊಡನೆ ಬಾಟಲಿಯನ್ನೂ ನಳಿಗೆಯನ್ನೂ ಕಳಚಿ, ಕೈಯಲ್ಲಿ ಮುಚ್ಚಳ ಹಾಕಿದ ಸೂಜಿಯನ್ನು ಮಾತ್ರ ಉಳಿಸಬೇಕೆಂದಾಯಿತು. ಸ್ಟ್ಯಾಂಡು ಅವರು ಇಳಿಯುವ ಬದಿಗೆ ಬಂದಿತು. ಕನ್ನಡಕ ದಿಂಬಿನ ಪಕ್ಕದಲ್ಲಿ. ಸವೆದ ಹವಾಯಿ ಚಪ್ಪಲಿಯ ಬದಲು ಹಿಮ್ಮಡಿಗೆ ಪಟ್ಟಿಯುಳ್ಳ ಚಪ್ಪಲಿ. ಊರುಗೋಲನ್ನು ಊರಿನಿಂದ ಬಸ್ಸಿನಲ್ಲಿ ತರಿಸಿದರು. ಬಲಗೈಗೆ ಪ್ಲಾಸ್ಟರು ಬಿದ್ದಿದ್ದುದರಿಂದ ಅದನ್ನು ಎಡಗೈಯಲ್ಲಿ ಹಿಡಿಯುವುದನ್ನು ಕಲಿಸಬೇಕಾಯಿತು.

ಮಂಚದ ಎರಡು ಬದಿಗೂ ಕಂಬಿ ಎತ್ತಿಬಿಟ್ಟರಾಗದೆ ಎಂದು ಮಗ ಕೇಳಿದ. ಎಲ್ಲರೂ ಕೇಳುವ ಪ್ರಶ್ನೆ ಇದು. ಮೈಮೇಲೆ ಎಚ್ಚರವಿಲ್ಲದೆ ಹೊರಳುವವರು ಉರುಳದಂತೆ ಕಂಬಿ ತಡೆಯುತ್ತದೆ; ಏಳಲೇಬೇಕೆಂದು ನಿಶ್ಚಯಿಸಿದವರು, ಅದರಲ್ಲಿಯೂ ಬುದ್ಧಿ ಕಲಕಿದವರು, ಅದನ್ನು ಹತ್ತಿ ದಾಟಹೋಗಿ ಇನ್ನೂ ಎತ್ತರದಿಂದ ಬೀಳುತ್ತಾರೆ. ಕೈಕಾಲು ಕಟ್ಟುವುದಂತೂ ಕಳವಳವನ್ನು ಹೆಚ್ಚಿಸುವುದೇ ಹೊರತು ಬೀಳುವುದನ್ನು ತಪ್ಪಿಸುವ ಮಾರ್ಗವಲ್ಲ. ಇನ್ನು, ಬಿದ್ದಾರೆಂಬ ಭಯದಿಂದ ಹಗಲೂ ಇರುಳೂ ಮಲಗಿಸಿಯೇ ಇಡುವ ಪ್ರವೃತ್ತಿ ಒಂದುಂಟು. ವಾರ್ಧಕ್ಯದಲ್ಲಿ ಕೆಲವೇ ದಿನ ಹಾಸಿಗೆ ಹಿಡಿದರೂ ತೊಡೆಯ ಮಾಂಸಖಂಡ ಕರಗಿ, ಬಂದಾಗ ನಡೆಯುತ್ತಿದ್ದವರು ಹೋಗುವಾಗ ನಡೆಯಲಾರದವರಾಗುತ್ತಾರೆ. ಆದುದರಿಂದ ಹಗಲಲ್ಲಿ ದಿನಕ್ಕೆ ಮೂರು ಸಲ, ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅದೇ ಇಪ್ಪತ್ತೆರಡು ಹೆಜ್ಜೆಯನ್ನು ನಡೆಯಿಸಿದೆವು. ಏಳುವ ಮೊದಲು ಅಂಚಿನಲ್ಲಿ ಎರಡು ನಿಮಿಷ ಕುಳಿತು ಪಾದಗಳನ್ನು ಮೇಲೆ ಕೆಳಗೆ ಆಡಿಸಿ, ನಿಂತ ಮೇಲೆ ಹತ್ತು ಎಣಿಸಿ ಹೆಜ್ಜೆ ತೆಗೆಯುವುದು ಅವರಿಗೆ ಪಾಠವಾಯಿತು.

ಇಷ್ಟಾದರೂ ಮೂಲಕ್ಕೆ ನಾವು ಇನ್ನೂ ಮುಟ್ಟಿರಲಿಲ್ಲ. ಕೈಗೆಟುಕುವಷ್ಟು ದೂರದಲ್ಲಿ ಮಲಗಿದ್ದ ಮಗನನ್ನು ಏಕೆ ಎಬ್ಬಿಸಲಿಲ್ಲವೆಂದು ನಾನು ಕೇಳಿದಾಗ ಅವರು ಪ್ಲಾಸ್ಟರಿನ ಕೈಯನ್ನೇ ನೋಡುತ್ತ ಹೇಳಿದರು: “ಮೂರು ರಾತ್ರಿ ಆಯ್ತು, ಹುಡುಗ ಕಣ್ಣು ಮುಚ್ಚಿಲ್ಲ. ಆಗತಾನೆ ನಿದ್ದೆ ಹತ್ತಿತ್ತು. ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಸಿಸ್ಟರನ್ನ ಕೂಗಿದ್ರೆ ವಾರ್ಡೆಲ್ಲ ಎದ್ದುಬಿಡತ್ತೆ.” ಇದನ್ನು ಸಂಕೋಚವೆನ್ನಿ, ಮಮತೆಯೆನ್ನಿ, ಯಾವ ಮಾಪಕದಲ್ಲಿಯೂ ಇದಕ್ಕೆ ಅಂಕವಿಲ್ಲ, ಆದರೆ ನಮ್ಮ ಹಿರಿಯರನ್ನು ಬೀಳಿಸುವ ಕಾರಣಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ. ಇದಕ್ಕಿರುವ ಔಷಧ ಮಾತು. ಸುಮ್ಮನೆ ‘ಒಬ್ಬರೇ ಏಳಬೇಡಿ’ ಎಂಬ ಆಜ್ಞೆಯಲ್ಲ, ಕುಳಿತು ಆಡುವ ಮಾತು. ಆಸ್ಟ್ರೇಲಿಯಾದ ಎಂಟು ಪುನಶ್ಚೇತನ ಘಟಕಗಳಲ್ಲಿ, ತರಬೇತಾದವರು ಒಬ್ಬೊಬ್ಬ ರೋಗಿಯೊಡನೆಯೂ ಕುಳಿತು ಆತ ಎಲ್ಲಿ, ಯಾವಾಗ, ಏಕೆ ಬೀಳಬಹುದೆಂಬುದನ್ನು ಆತನಿಂದಲೇ ಹೇಳಿಸಿ, ತಪ್ಪಿಸಿಕೊಳ್ಳುವ ಬಗೆಯನ್ನು ಗೊತ್ತುಮಾಡಿಸಿ, ಅದನ್ನು ಶುಶ್ರೂಷಕರಿಗೂ ತಿಳಿಸಿದಾಗ, ಸಾವಿರ ರೋಗಿದಿನಗಳಿಗೆ ಸುಮಾರು 14 ಇದ್ದ ಪತನಗಳು 8ರ ಸಮೀಪಕ್ಕೆ ಇಳಿದುವು. 2015ರಲ್ಲಿ ಪ್ರಕಟವಾದ ಫಲಿತಾಂಶ ಇದು. ಗಂಟೆ, ಫಲಕಗಳು ಮಾಡಲಾರದುದನ್ನು ಮಾತು ಮಾಡಿತು.

ನಾನು ಉಪಾಧ್ಯಾಯರಿಗೆ ಹೇಳಿದೆ: ನೀವು ಎಬ್ಬಿಸಿದರೆ ಮಗನ ಹತ್ತು ನಿಮಿಷದ ನಿದ್ದೆ ಹೋಗುತ್ತದೆ, ಬಿದ್ದರೆ ಹತ್ತು ವಾರದ ನಿದ್ದೆ ಹೋಗುತ್ತದೆ. ಅನಂತರ, ರಾತ್ರಿ ಮೂತ್ರ ಬಂದರೆ ಏನು ಮಾಡುತ್ತೀರಿ ಎಂದು ಅವರಿಂದಲೇ ಹೇಳಿಸಿದೆ. ಮಗನ ಚಾಪೆಯನ್ನು ಅವರು ಇಳಿಯುವ ಬದಿಯಿಂದ ಆಚೆಗೆ ಹಾಕಿಸಿ, ಕೂಗುವ ಸಂಕೋಚ ಬೇಡವೆಂದು ಮಗನ ಮುಂಗೈಗೆ ಒಂದು ದಾರ ಕಟ್ಟಿ ಅದರ ತುದಿಯನ್ನು ಅವರ ಕೈಗೆ ಕೊಡುವ ಉಪಾಯವನ್ನು ಸೊಸೆಯೇ ಹೂಡಿದರು. ನೆಲಕ್ಕೆ ತಾಗಿ ಕಾಲಿಗೆ ತೊಡರದಷ್ಟು ಗಿಡ್ಡವಾಗಿರಲೆಂದು ಮಾತ್ರ ನಾವು ಹೇಳಿದೆವು.

ಈ ಮಾತಿನ ಮಾರ್ಗ ಬುದ್ಧಿ ತಿಳಿಯಾಗಿರುವವರಿಗೆ ಮಾತ್ರ. ಕಾಯಿಲೆಯ ಕಾವಿನಲ್ಲಿ ಹಗಲು ಇರುಳುಗಳ ಪರಿವೆ ತಪ್ಪಿ, ಆಸ್ಪತ್ರೆಯನ್ನು ಮನೆಯೆಂದು ತಿಳಿದು ಕೊಟ್ಟಿಗೆಗೆ ಹೊರಡುವ ರೋಗಿಗೆ ಹೇಳಿಸಿದ ಪಾಠ ಐದು ನಿಮಿಷದಲ್ಲಿ ಮರೆತುಹೋಗುತ್ತದೆ. ಅಂಥವರಲ್ಲಿ ಭ್ರಮೆಯ ಕಾರಣವನ್ನು ಹುಡುಕಬೇಕು. ಕಟ್ಟಿದ ಮೂತ್ರವೋ, ಮಲಬದ್ಧತೆಯೋ, ನೋವೋ, ಸೋಂಕೋ, ಅಲರ್ಜಿಗೆಂದು ಕೊಟ್ಟ ಚುಚ್ಚುಮದ್ದೋ ಇರುವುದುಂಟು. ಅಲ್ಲಿಯವರೆಗೆ ಎಚ್ಚರವಾಗಿರುವ ಒಬ್ಬ ಮನುಷ್ಯ ಪಕ್ಕದಲ್ಲಿ ಕುಳಿತಿರಬೇಕು. ಸುಲಭವಾದ ಬೇರೆ ದಾರಿಯಿಲ್ಲ. ಮನೆಯವರು ಇಬ್ಬರಿದ್ದು ಪಾಳಿಯ ಮೇಲೆ ಮಲಗುವುದಾದರೆ ಅದೇ ಲೇಸು.

ಇನ್ನೊಂದು ವಿಷಯವನ್ನು ಹೇಳದೆ ಬಿಡಲಾರೆ. ಬಿದ್ದವರ ಲೆಕ್ಕವನ್ನು ಸಾವಿರ ರೋಗಿದಿನಕ್ಕೆ ಇಷ್ಟೆಂದು ಇಡುವುದು ವಾಡಿಕೆ: ಮೂವತ್ತು ಮಂಚ ತುಂಬಿದ ವಾರ್ಡಿನಲ್ಲಿ ತಿಂಗಳಿಗೆ 900 ದಿನ, ನಾಲ್ವರು ಬಿದ್ದರೆ ಸಾವಿರಕ್ಕೆ ಸುಮಾರು 4.4. ಆದರೆ ಬಿದ್ದ ಸುದ್ದಿ ಬರೆದ ಸಿಸ್ಟರಿಗೆ ಮೆಮೊ ಸಿಗುವ ಆಸ್ಪತ್ರೆಯಲ್ಲಿ ಈ ಅಂಕಿ ಸೊನ್ನೆಯಾಗಿಯೇ ಇರುತ್ತದೆ. ನಮ್ಮಲ್ಲಿ ಆ ರಾತ್ರಿಯ ಸಿಸ್ಟರಿಂದ ವಿವರಣೆ ಕೇಳುವ ಕಾಗದ ಸಿದ್ಧವಾಗಿತ್ತು. ನಿದ್ದೆಯ ಮಾತ್ರೆ ಬರೆದವನು ನಾನೆಂದು ಹೇಳಿ ಅದನ್ನು ಹಿಂದಕ್ಕೆ ತೆಗೆಯಿಸಬೇಕಾಯಿತು.

ಉಪಾಧ್ಯಾಯರು ಹನ್ನೊಂದನೆಯ ದಿನ ಎಡಗೈಯಲ್ಲಿ ಊರುಗೋಲು ಹಿಡಿದು, ಬಾಗಿಲವರೆಗೆ ನಡೆದು ಹೋದರು. ನಡುವೆ ಮತ್ತೆ ಬೀಳಲಿಲ್ಲ. ಈ ಲೇಖನವನ್ನು ಓದುವವರಲ್ಲಿ ಯಾರಾದರೂ ಮನೆಯ ಹಿರಿಯರನ್ನು ಆಸ್ಪತ್ರೆಗೆ ಕರೆತರುವ ಸಂದರ್ಭ ಬಂದರೆ, ಅವರ ಊರುಗೋಲು, ಕನ್ನಡಕ, ಹಿಡಿತವುಳ್ಳ ಚಪ್ಪಲಿ ಮತ್ತು ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ಇತ್ತೀಚೆಗೆ ಬಿದ್ದದ್ದಿದ್ದರೆ, ಅವರೇ ಹೇಳಬೇಡವೆಂದಿದ್ದರೂ, ವಾರ್ಡಿನ ಸಿಸ್ಟರಿಗೆ ಹೇಳಿಬಿಡಿ. ರಾತ್ರಿ ಎಬ್ಬಿಸಿದರೆ ನಿಮಗೆ ಬೇಸರವಿಲ್ಲವೆಂಬುದನ್ನು ಅವರು ನಂಬುವವರೆಗೆ ಅವರಿಗೆ ಹೇಳಿ.